ಜೂನ್ 9ರೊಳಗೆ ತಲುಪಬೇಕಿದ್ದ ಪತ್ರ

ಚಿಕ್ಕ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಲೆಕ್ಕದ ಜೊತೆಗೆ ಕೆಲವೊಮ್ಮೆ ಪತ್ರಗಳೂ ಕೈಗೆ ಬರುತ್ತವೆ. ಹಾಗೆ ಬಂದ ಒಂದು ಪತ್ರದ ಕಥೆ ಇದು. ಅಂಗಡಿ ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬರುವುದಿಲ್ಲ.

ಪುಸ್ತಕ, ಪೆನ್ನು, ಕಾಗದ ಮಾರುವ ಅಂಗಡಿ ಅವರದು. ಕೌಂಟರಿನ ಬಿಲ್ಲಿಂಗ್ ಯಂತ್ರ ಸ್ವಂತದ್ದಲ್ಲ. ಒಂದು ಕಂಪನಿ ಯಂತ್ರ, ಪ್ರಿಂಟರ್, ಸಾಫ್ಟ್‌ವೇರ್ ಮೂರನ್ನೂ ತಿಂಗಳ ಬಾಡಿಗೆಗೆ ಕೊಟ್ಟಿತ್ತು. ರಿಪೇರಿಯೂ ಅದರಲ್ಲೇ ಸೇರಿತ್ತು. ಆದರೆ ಮೂರು ತಿಂಗಳಿಂದ ರಿಪೇರಿಗೆ ಫೋನ್ ಮಾಡಿದರೆ ಯಾರೂ ಸರಿಯಾಗಿ ಬರುತ್ತಿರಲಿಲ್ಲ. ಪ್ರಿಂಟರ್ ಕೆಟ್ಟಾಗ ಅವರು ನಾಲ್ಕು ದಿನ ಕೈಯಲ್ಲೇ ಬಿಲ್ ಬರೆದಿದ್ದರು. ಸಾಕಾಗಿ ಬೇರೆ ಯಂತ್ರ ನೋಡಿಕೊಂಡು, ಈ ಕಂಪನಿಗೆ ಒಂದು ಪತ್ರ ಬರೆದು, ಕಳಿಸುವ ಮೊದಲು ನನಗೆ ತೋರಿಸಿದರು. ಅವತ್ತು ಜೂನ್ 3.

ಎರಡು ಪುಟದ ಪತ್ರ. ಯಾವ ದಿನ ಯಾರು ಬರಲಿಲ್ಲ, ಫೋನಿನಲ್ಲಿ ಯಾರು ಏನೆಂದರು, ಎಷ್ಟು ಗಿರಾಕಿಗಳು ವಾಪಸ್ ಹೋದರು, ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲು ಹೀಗಿತ್ತು: "ಇದೇ ರೀತಿ ಮುಂದುವರಿದರೆ ನಾವು ಸೇವೆಯನ್ನು ನಿಲ್ಲಿಸಬೇಕಾಗುತ್ತದೆ, ಆದ್ದರಿಂದ ದಯವಿಟ್ಟು ಮುಂದಿನ ತಿಂಗಳಿಂದ ನಮ್ಮ ಒಪ್ಪಂದವನ್ನು ರದ್ದು ಮಾಡಲು ಕೋರುತ್ತೇನೆ."

ಓದಿದವರಿಗೆ ಅವರ ಕಷ್ಟ ಅರ್ಥವಾಗುತ್ತಿತ್ತು. ಆದರೆ ಈ ಪತ್ರದಿಂದ ಒಪ್ಪಂದ ಮುಗಿಯುತ್ತಿರಲಿಲ್ಲ.

ಆ ಕೊನೆಯ ಸಾಲನ್ನೇ ನೋಡಿ. "ಮುಂದುವರಿದರೆ" ಅಂದಾಗ ಅದು ಎಚ್ಚರಿಕೆಯಾಯಿತು. ಮುಂದುವರಿಯದಿದ್ದರೆ ನಾವು ಇರುತ್ತೇವೆ ಅಂತಲೂ ಅದಕ್ಕೆ ಅರ್ಥ ಬರುತ್ತದೆ. "ಕೋರುತ್ತೇನೆ" ಅಂದಾಗ ಅದು ಮನವಿಯಾಯಿತು. ಮನವಿಗೆ ಆಚೆಯವರು ಹೂಂ ಅನ್ನಬೇಕು. ಅವರು ಸುಮ್ನೆ ಕೂತರೆ? ಅಥವಾ "ನಿಮ್ಮ ಮನವಿ ಪರಿಶೀಲನೆಯಲ್ಲಿದೆ" ಎಂದು ಒಂದು ತಿಂಗಳು ತಳ್ಳಿದರೆ? ಒಪ್ಪಂದದಲ್ಲಿ ನಿಲ್ಲಿಸುವ ಹಕ್ಕು ಬರೆದಿರುವಾಗ ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ತಿಳಿಸಿದರೆ ಸಾಕು. ನೋಟಿಸ್ ಅಂದರೆ ತಿಳಿಸುವುದು. ಇನ್ನು "ಮುಂದಿನ ತಿಂಗಳಿಂದ" ಅಂದರೆ ಯಾವ ದಿನದಿಂದ ಎಂಬುದು ಇಬ್ಬರಿಗೂ ಗೊತ್ತಾಗುವಂತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮೊದಲು ಕೇಳಿದ್ದು ಒಪ್ಪಂದದ ಪ್ರತಿಯನ್ನು. ಎಲ್ಲೋ ಇದೆ ಎಂದರು. ಹುಡುಕಿ ತರಲು ಒಂದು ದಿನ ಬೇಕಾಯಿತು. ಎರಡು ವರ್ಷದ ಹಿಂದೆ ಸಹಿ ಮಾಡಿದ ಕಾಗದ ಅದು, ಆಮೇಲೆ ಯಾರೂ ತೆರೆದು ನೋಡಿರಲಿಲ್ಲ. ಅದರಲ್ಲಿ ನಮಗೆ ಬೇಕಾದ ಮಾತುಗಳು ನಾಲ್ಕೇ ನಾಲ್ಕು, ಅದೂ ಮೂರು ಬೇರೆ ಬೇರೆ ಪುಟದಲ್ಲಿ. ಮೊದಲ 12 ತಿಂಗಳು ಬಿಡುವಂತಿಲ್ಲ, ಆಮೇಲೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಆಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ಕಾರಣ ಹೇಳದೆ 30 ದಿನದ ಲಿಖಿತ ನೋಟಿಸ್ ಕೊಟ್ಟು ನಿಲ್ಲಿಸಬಹುದು. ನೋಟಿಸನ್ನು ಒಪ್ಪಂದದಲ್ಲಿ ನಮೂದಿಸಿದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಅಥವಾ ನಮೂದಿಸಿದ ಇಮೇಲ್‌ಗೆ ಕಳಿಸಬೇಕು, ಅದು ತಲುಪಿದ ಮರುದಿನದಿಂದ 30 ದಿನ ಎಣಿಕೆ. ನಾಲ್ಕನೆಯದೇ ಎಲ್ಲರ ಕಣ್ಣು ತಪ್ಪಿಸುವಂಥದ್ದು: 30 ದಿನ ಯಾವ ಬಿಲ್ಲಿಂಗ್ ತಿಂಗಳಲ್ಲಿ ಮುಗಿಯುತ್ತದೋ ಆ ತಿಂಗಳ ಕೊನೆಯ ದಿನ ಒಪ್ಪಂದ ಮುಗಿಯುತ್ತದೆ.

ಅವರ ಬಿಲ್ಲಿಂಗ್ ತಿಂಗಳು 1ನೇ ತಾರೀಕಿಗೆ ಶುರುವಾಗುವುದಲ್ಲ. ಯಂತ್ರ ಅಂಗಡಿಗೆ ಬಂದದ್ದು ಒಂದು 10ನೇ ತಾರೀಕು. ಹಾಗಾಗಿ ಪ್ರತಿ 10ರಿಂದ ಮುಂದಿನ 9ರವರೆಗೆ ಒಂದು ತಿಂಗಳು. ಆ ತಿಂಗಳ ದುಡ್ಡು 10ನೇ ತಾರೀಕು ಮುಂಗಡವಾಗಿ ಬ್ಯಾಂಕ್ ಖಾತೆಯಿಂದ ತಾನೇ ಕಟ್ ಆಗುತ್ತಿತ್ತು.

ಈಗ ಲೆಕ್ಕ ಹಾಕೋಣ. ನೋಟಿಸ್ ಜೂನ್ 4ಕ್ಕೆ ತಲುಪಿದರೆ ಮೊದಲ ದಿನ ಜೂನ್ 5. ಜೂನ್ 5ರಿಂದ 30ರವರೆಗೆ 26 ದಿನ. ಉಳಿದದ್ದು 4. ಅಂದರೆ ಜುಲೈ 4ಕ್ಕೆ 30 ದಿನ ಮುಗಿಯುತ್ತದೆ. ಜುಲೈ 4 ಬೀಳುವುದು ಜೂನ್ 10ರಿಂದ ಜುಲೈ 9ರ ತಿಂಗಳಲ್ಲಿ. ಹಾಗಾಗಿ ಒಪ್ಪಂದ ಮುಗಿಯುವುದು ಜುಲೈ 9ಕ್ಕೆ.

ಅದೇ ನೋಟಿಸ್ ಜೂನ್ 10ಕ್ಕೆ ತಲುಪಿದರೆ? ಮೊದಲ ದಿನ ಜೂನ್ 11, ತಿಂಗಳ ಕೊನೆಗೆ 20 ದಿನ, ಉಳಿದ 10 ಜುಲೈನಲ್ಲಿ. 30ನೇ ದಿನ ಜುಲೈ 10. ಅದು ಮುಂದಿನ ಬಿಲ್ಲಿಂಗ್ ತಿಂಗಳ ಮೊದಲ ದಿನ! ಆಗ ಒಪ್ಪಂದ ಆಗಸ್ಟ್ 9ರವರೆಗೆ ಎಳೆಯುತ್ತದೆ. ಒಂದು ದಿನ ತಡವಾದರೆ ಒಂದು ಪೂರ್ತಿ ತಿಂಗಳ ಬಾಡಿಗೆ ಜಾಸ್ತಿ. ಕೊನೆಯ ಗಡುವು ಜೂನ್ 9. ಅವತ್ತು ತಲುಪಿದರೆ 30ನೇ ದಿನ ಸರಿಯಾಗಿ ಜುಲೈ 9.

ಇಲ್ಲಿ ಒಂದು ಮಾತು ಸೇರಿಸಬೇಕು. 30 ದಿನ ಅನ್ನುವುದೂ ಒಂದು ತಿಂಗಳು ಅನ್ನುವುದೂ ಒಂದೇ ಅಲ್ಲ. ಜೂನ್‌ಗೆ 30 ದಿನ ಇರುವುದರಿಂದ ನಮಗೆ ವ್ಯತ್ಯಾಸ ಬರಲಿಲ್ಲ. ಇದೇ ಒಪ್ಪಂದದಲ್ಲಿ 28 ದಿನದ ಫೆಬ್ರವರಿಯ 9ಕ್ಕೆ ನೋಟಿಸ್ ತಲುಪಿದ್ದರೆ 30ನೇ ದಿನ ಮಾರ್ಚ್ 11 ಆಗುತ್ತಿತ್ತು. ಮಾರ್ಚ್ 9ಕ್ಕೆ ಮುಗಿಯಬೇಕಾದರೆ ಫೆಬ್ರವರಿ 7ರೊಳಗೆ ತಲುಪಿಸಬೇಕಿತ್ತು. ಅದಕ್ಕೇ ನಾನು ಬಾಯಿಲೆಕ್ಕ ಮಾಡುವುದಿಲ್ಲ. ಕ್ಯಾಲೆಂಡರ್ ಮುಂದಿಟ್ಟು ಬೆರಳಿಟ್ಟು ಎಣಿಸುತ್ತೇನೆ.

ಮಾಲೀಕರಿಗೆ ಇನ್ನೊಂದು ಆಸೆ ಇತ್ತು. ಸೇವೆ ಕೆಟ್ಟದ್ದು ಎಂಬ ಕಾರಣ ಕೊಟ್ಟೇ ಬಿಡಬೇಕು, ನೋಟಿಸ್ ಅವಧಿಯ ದುಡ್ಡೂ ಕೊಡಬಾರದು. "ತಪ್ಪು ಅವರದು, ನಾನ್ಯಾಕೆ ಇನ್ನೊಂದು ತಿಂಗಳು ಕೊಡಲಿ?" ಎಂದರು. ನ್ಯಾಯವಾದ ಪ್ರಶ್ನೆ. ಒಪ್ಪಂದದಲ್ಲಿ ಆ ದಾರಿಯೂ ಇತ್ತು. ಕಂಪನಿ ಕರಾರು ಮುರಿದರೆ ಬರೆದು ತಿಳಿಸಬೇಕು, ಸರಿಪಡಿಸಲು 15 ದಿನ ಕೊಡಬೇಕು, ಆಗಲೂ ಸರಿಪಡಿಸದಿದ್ದರೆ ತಕ್ಷಣ ನಿಲ್ಲಿಸಬಹುದು. ಆದರೆ ಅದಕ್ಕೆ ಪುರಾವೆ ಬೇಕು. ಅವರು ದೂರು ಕೊಟ್ಟದ್ದೆಲ್ಲ ಫೋನಿನಲ್ಲಿ. ಬರಹದಲ್ಲಿ ಒಂದೂ ಇಲ್ಲ. ಹದಿನೈದು ದಿನದೊಳಗೆ ಕಂಪನಿಯವರು ಒಂದು ಸಲ ಬಂದು ಪ್ರಿಂಟರ್ ಒರೆಸಿ ಹೋದರೂ ಸಾಕು, "ಸರಿಪಡಿಸಿದ್ದೇವೆ" ಎಂದು ವಾದ ಶುರುವಾಗುತ್ತದೆ. ಆ ವಾದ ಮುಗಿಯುವಷ್ಟರಲ್ಲಿ ಜೂನ್ 9 ದಾಟಿರುತ್ತದೆ.

ಕಾರಣ ಹೇಳದೆ ಬಿಡುವ ದಾರಿಯಲ್ಲಿ ಸಾಬೀತು ಮಾಡಬೇಕಾದ್ದು ಒಂದೇ, ನೋಟಿಸ್ ಇಂಥ ದಿನ ತಲುಪಿತು ಎಂಬುದು. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಕಂಪನಿಯವರು ದೂರಿನ ಭಾಗಕ್ಕೆ ಉತ್ತರ ಬರೆದು, ನೋಟಿಸಿನ ಭಾಗವನ್ನು ಬದಿಗಿಡುತ್ತಾರೆ. ಇದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ. ಅವರಿಗೆ ಇದನ್ನೆಲ್ಲ ಹೇಳಿದೆ. ಸಿಟ್ಟನ್ನು ಬೇರೆ ಪತ್ರದಲ್ಲಿ ಬರೆಯಿರಿ, ಬೇಕಾದರೆ ನಾಳೆಯೇ ಕಳಿಸಿ, ಇದರಲ್ಲಿ ಬೇಡ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಹಳೆಯ ದೂರುಗಳ ಹಕ್ಕು ಬಿಟ್ಟುಕೊಟ್ಟ ಹಾಗಾಗಬಾರದು ಎಂದು ಪತ್ರದಲ್ಲಿ ಒಂದೇ ಸಾಲು ಇಟ್ಟೆವು.

ಜೂನ್ 4ರ ಮಧ್ಯಾಹ್ನ ಇಮೇಲ್‌ನಲ್ಲಿ ಹೋದ ಪತ್ರ ಇದು:

ಇಂದ: (ಅಂಗಡಿಯ ಹೆಸರು, ಒಪ್ಪಂದದಲ್ಲಿರುವ ವಿಳಾಸ)
ಗೆ: (ಕಂಪನಿಯ ಹೆಸರು, ಒಪ್ಪಂದದಲ್ಲಿರುವ ವಿಳಾಸ ಮತ್ತು ಇಮೇಲ್)
ದಿನಾಂಕ: ಜೂನ್ 4

ವಿಷಯ: ಮಾಸಿಕ ಸೇವಾ ಒಪ್ಪಂದ (ಸಂಖ್ಯೆ, ಸಹಿಯಾದ ದಿನಾಂಕ) ಮುಕ್ತಾಯಗೊಳಿಸುವ 30 ದಿನಗಳ ನೋಟಿಸ್

ಮಾನ್ಯರೇ,

ಮೇಲಿನ ಒಪ್ಪಂದದಲ್ಲಿ ಕಾರಣ ನೀಡದೆ ಮುಕ್ತಾಯಗೊಳಿಸಲು ಇರುವ ಷರತ್ತಿನಂತೆ, ಬಿಲ್ಲಿಂಗ್ ಯಂತ್ರ, ಪ್ರಿಂಟರ್ ಮತ್ತು ಸಾಫ್ಟ್‌ವೇರ್‌ನ ಮಾಸಿಕ ಸೇವೆಯನ್ನು ನಾನು ಮುಕ್ತಾಯಗೊಳಿಸುತ್ತಿದ್ದೇನೆ. ಇದು ಆ ಷರತ್ತಿನ ಪ್ರಕಾರದ 30 ದಿನಗಳ ಲಿಖಿತ ನೋಟಿಸ್.

ಈ ನೋಟಿಸ್ ಇಂದು, ಜೂನ್ 4ರಂದು, ಒಪ್ಪಂದದಲ್ಲಿ ನಮೂದಿಸಿದ ಇಮೇಲ್ ಮೂಲಕ ನಿಮಗೆ ತಲುಪುತ್ತಿದೆ. 30 ದಿನಗಳು ಜುಲೈ 4ಕ್ಕೆ ಮುಗಿಯುತ್ತವೆ. ಆ ದಿನ ಸೇರುವ ಬಿಲ್ಲಿಂಗ್ ತಿಂಗಳು ಜುಲೈ 9ಕ್ಕೆ ಕೊನೆಗೊಳ್ಳುವುದರಿಂದ, ಸೇವೆಯ ಕೊನೆಯ ದಿನ ಜುಲೈ 9. ಅಲ್ಲಿಯವರೆಗೆ ಸೇವೆ ಎಂದಿನಂತೆ ನಡೆಯಬೇಕು. ಜೂನ್ 10ಕ್ಕೆ ಬರುವ ಬಿಲ್ ಕೊನೆಯ ಬಿಲ್. ಅದನ್ನು ಪಾವತಿಸುತ್ತೇನೆ. ಜುಲೈ 10ರಿಂದ ಯಾವುದೇ ಹಣವನ್ನು ನನ್ನ ಖಾತೆಯಿಂದ ತೆಗೆಯಬೇಡಿ.

ನಿಮ್ಮ ಯಂತ್ರ ಮತ್ತು ಪ್ರಿಂಟರ್ ಅನ್ನು ಜುಲೈ 9ರ ಸಂಜೆ ಅಂಗಡಿಯಿಂದ ಪಡೆದು, ಸೀರಿಯಲ್ ಸಂಖ್ಯೆ ಸಹಿತ ರಸೀದಿ ಕೊಡಿ. ಠೇವಣಿಯನ್ನು ಒಪ್ಪಂದದಂತೆ ಯಂತ್ರ ಮರಳಿಸಿದ 15 ದಿನಗಳೊಳಗೆ ನನ್ನ ಖಾತೆಗೆ ಹಾಕಿ. ನನ್ನ ಅಂಗಡಿಯ ಮಾರಾಟದ ಎಲ್ಲ ದಾಖಲೆಗಳನ್ನು ಜುಲೈ 2ರೊಳಗೆ ತೆರೆದು ಓದಬಹುದಾದ ಫೈಲ್ ರೂಪದಲ್ಲಿ ಕೊಡಿ.

ಈ ನೋಟಿಸ್‌ನಿಂದ ಹಿಂದಿನ ಸೇವೆಯ ಕುರಿತ ನನ್ನ ಯಾವುದೇ ಹಕ್ಕನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ.

ನೋಟಿಸ್ ತಲುಪಿದ್ದನ್ನೂ ಕೊನೆಯ ದಿನವನ್ನೂ ಈ ಇಮೇಲ್‌ಗೆ ಉತ್ತರವಾಗಿ ಖಚಿತಪಡಿಸಿ.

(ಸಹಿ, ಹೆಸರು, ಮಾಲೀಕರು)

ಈ ಪತ್ರದಲ್ಲಿ ನನಗೆ ಮುಖ್ಯವೆನಿಸುವುದು ಲೆಕ್ಕವನ್ನು ಬಿಡಿಸಿ ಬರೆದದ್ದು. ಬರೀ "30 ದಿನದ ನೋಟಿಸ್" ಎಂದು ಬಿಟ್ಟರೆ ಕಂಪನಿಯ ಲೆಕ್ಕದವರು ತಮಗೆ ಬೇಕಾದ ದಿನದಿಂದ ಎಣಿಸುತ್ತಾರೆ. ಬರೀ "ಜುಲೈ 9" ಎಂದು ಬಿಟ್ಟರೆ ಅದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ತಲುಪಿದ ದಿನ, 30 ಮುಗಿಯುವ ದಿನ, ಕೊನೆಯ ದಿನ ಮೂರೂ ಪಕ್ಕಪಕ್ಕದಲ್ಲಿ ಇದ್ದರೆ ತಪ್ಪು ಅನ್ನುವವರು ಯಾವುದು ತಪ್ಪು ಎಂದು ಹೇಳಲೇಬೇಕು.

ಇಮೇಲ್ ಜೊತೆಗೆ ಸಹಿ ಮಾಡಿದ ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದೆವು. ಇಮೇಲ್ ನೋಡಲೇ ಇಲ್ಲ ಎಂದರೆ ಏನು ಮಾಡುವುದು ಎಂಬ ಭಯ ಅವರಿಗೆ. ಕಳಿಸಿದ್ದು ಸರಿಯೇ. ಆದರೆ ಅಲ್ಲಿ ನನ್ನಿಂದ ಒಂದು ತಪ್ಪಾಯಿತು, ಅದು ಆಮೇಲೆ ಗೊತ್ತಾಯಿತು.

ಎರಡು ದಿನ ಉತ್ತರ ಇಲ್ಲ. ಮೂರನೆಯ ದಿನ ಕಂಪನಿಯಿಂದ ಫೋನ್. "ಮೇಡಂ, ಯಾಕೆ ಬಿಡ್ತೀರಾ, ಎರಡು ತಿಂಗಳು ಅರ್ಧ ಬಾಡಿಗೆ ಮಾಡಿಕೊಡ್ತೇವೆ" ಎಂದು ಮೊದಲು. ಇವರು ಬೇಡ ಎಂದಾಗ, "ನಿಮ್ಮ ಒಪ್ಪಂದ ಮತ್ತೆ 12 ತಿಂಗಳಿಗೆ ರಿನ್ಯೂ ಆಗಿದೆ, ಈಗ ಬಿಡೋಕೆ ಆಗಲ್ಲ" ಎಂದು. ಇವರಿಗೆ ಎದೆ ಧಸಕ್ ಎಂದಿತಂತೆ. ಕೂಡಲೇ ನನಗೆ ಫೋನ್ ಮಾಡಿದರು.

ಕೆಲವು ಒಪ್ಪಂದಗಳಲ್ಲಿ ನಿಜವಾಗಿಯೂ ಹಾಗಿರುತ್ತದೆ. ಅವಧಿ ಮುಗಿಯುವ ಮೊದಲು ಬರೆದು ತಿಳಿಸದಿದ್ದರೆ ಅದೇ ಅವಧಿಗೆ ತಾನಾಗಿ ಮುಂದುವರಿಯುತ್ತದೆ. ಹಾಗಿದ್ದರೆ ನಮ್ಮ ಪತ್ರವೇ ಬೇರೆ ಆಗುತ್ತಿತ್ತು. ಸಾಮಾನ್ಯ ಗ್ರಾಹಕರಿಗೆ ಕಾನೂನು ಕೊಡುವ ಕೆಲವು ರಕ್ಷಣೆಗಳು ವ್ಯಾಪಾರಕ್ಕಾಗಿ ಮಾಡಿದ ಒಪ್ಪಂದಕ್ಕೆ ಅನೇಕ ಕಡೆ ಸಿಗುವುದಿಲ್ಲ, ಹಾಗಾಗಿ ಕಾಗದದಲ್ಲಿ ಏನಿದೆಯೋ ಅದರ ಮೇಲೇ ನಿಲ್ಲಬೇಕು. ಇವರ ಕಾಗದದಲ್ಲಿ ಮೊದಲ 12 ತಿಂಗಳ ನಂತರ "ತಿಂಗಳಿಂದ ತಿಂಗಳಿಗೆ" ಎಂದೇ ಇತ್ತು. ಹೊಸ ಸಹಿ ಏನಾದರೂ ಮಾಡಿದ್ದೀರಾ, ಫೋನಿನಲ್ಲಿ ಬಂದ ಯಾವುದಕ್ಕಾದರೂ ಒಪ್ಪಿಗೆ ಒತ್ತಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಫೋನಿನಲ್ಲಿ ವಾದ ಬೇಡ ಎಂದು ಅದೇ ಇಮೇಲ್‌ಗೆ ಒಂದು ಉತ್ತರ ಕಳಿಸಿದೆವು: "ಇಂದು ಫೋನಿನಲ್ಲಿ ಒಪ್ಪಂದ 12 ತಿಂಗಳಿಗೆ ನವೀಕರಣವಾಗಿದೆ ಎಂದು ತಿಳಿಸಿದಿರಿ. ಒಪ್ಪಂದದಲ್ಲಿ ಅಂಥ ಷರತ್ತು ಇಲ್ಲ. ಇದ್ದರೆ ನನ್ನ ಸಹಿ ಇರುವ ಪುಟವನ್ನು ಕಳಿಸಿ. ರಿಯಾಯಿತಿ ಬೇಡ. ಜೂನ್ 4ರ ನೋಟಿಸ್ ಹಾಗೆಯೇ ಇದೆ." ಪುಟ ಬರಲಿಲ್ಲ. ಆ ಮಾತು ಮತ್ತೆ ಏಳಲೂ ಇಲ್ಲ.

ರಿಯಾಯಿತಿ ಬೇಡ ಎಂದು ಬರೆದದ್ದು ಸುಮ್ನೆ ಅಲ್ಲ. ಒಂದು ತಿಂಗಳ ಅರ್ಧ ಬಾಡಿಗೆ ಬಿಲ್ ಬಂದು ಅದನ್ನು ಕಟ್ಟಿಬಿಟ್ಟರೆ, ನೋಟಿಸ್ ಹಿಂತೆಗೆದುಕೊಂಡು ಮುಂದುವರಿಯಲು ಒಪ್ಪಿದರು ಎಂದು ವಾದಿಸಲು ಅವರಿಗೆ ದಾರಿ ಸಿಗುತ್ತದೆ.

ಜೂನ್ 10ಕ್ಕೆ ಎಂದಿನ ಪೂರ್ತಿ ಬಾಡಿಗೆ ಖಾತೆಯಿಂದ ಹೋಯಿತು. ಅದನ್ನು ತಡೆಯಬೇಕು ಎಂದು ಅವರ ಮಗ ಹೇಳಿದ್ದನಂತೆ. ತಡೆದಿದ್ದರೆ ಕಟ್ಟಬೇಕಾದ ದುಡ್ಡು ಕಟ್ಟದ ತಪ್ಪು ಇವರ ಮೇಲೆ ಬರುತ್ತಿತ್ತು, ಠೇವಣಿ ಹಿಡಿದಿಟ್ಟುಕೊಳ್ಳಲು ಕಂಪನಿಗೆ ನೆಪ ಸಿಗುತ್ತಿತ್ತು. ಆ ಕೊನೆಯ ಪಾವತಿ ಆದ ಮೇಲೆ, ಮುಂದಿನದಕ್ಕೆ ಬಹಳ ದಿನ ಮೊದಲೇ, ಬ್ಯಾಂಕಿನಲ್ಲಿ ಆಟೋ ಡೆಬಿಟ್ ಅನುಮತಿ ರದ್ದು ಮಾಡಿಸಿದೆವು. ಒಪ್ಪಂದ ಮುಗಿದರೆ ಅನುಮತಿಯೂ ತಾನಾಗಿ ಮುಗಿಯುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಬ್ಯಾಂಕಿಗೆ ಒಪ್ಪಂದದ ಸುದ್ದಿ ಗೊತ್ತಿರುವುದಿಲ್ಲ, ಅಲ್ವಾ? ಅನುಮತಿ ಇದ್ದಷ್ಟು ದಿನ ಆ ಕಂಪನಿ ಕೇಳಿದರೆ ಕೊಡುತ್ತದೆ.

ಜೂನ್ 15ಕ್ಕೆ ಕಂಪನಿಯ ಲೆಕ್ಕ ವಿಭಾಗದಿಂದ ಮೊದಲ ಲಿಖಿತ ಉತ್ತರ ಬಂತು. ನೋಟಿಸ್ ಸ್ವೀಕರಿಸಿದ್ದೇವೆ, ಕೊನೆಯ ದಿನ ಆಗಸ್ಟ್ 9, ಜುಲೈ 10ಕ್ಕೆ ಇನ್ನೊಂದು ಬಿಲ್ ಬರುತ್ತದೆ ಎಂದು.

ಎಲ್ಲಿಂದ ಬಂತು ಆಗಸ್ಟ್? ಪೋಸ್ಟ್‌ನಲ್ಲಿ ಹೋದ ಪ್ರತಿ ಅವರಿಗೆ ತಲುಪಿದ್ದು ಜೂನ್ 11ಕ್ಕೆ. ಅಲ್ಲಿಂದ ಎಣಿಸಿದ್ದರು. ಅಲ್ಲಿಂದ ಎಣಿಸಿದರೆ 30ನೇ ದಿನ ಜುಲೈ 11, ಆಗ ಆಗಸ್ಟ್ 9 ಸರಿಯೇ. ನನ್ನ ತಪ್ಪು ಇದೇ. ಪೋಸ್ಟ್ ಪ್ರತಿಯ ಮೇಲೆ ಅದು ಬರೀ ಪ್ರತಿ ಎಂದು ನಾನು ಬರೆಸಿರಲಿಲ್ಲ. ಇಮೇಲ್ ಹೋದದ್ದು ಒಂದು ವಿಭಾಗಕ್ಕೆ, ಪೋಸ್ಟ್ ಹೋದದ್ದು ಇನ್ನೊಂದು ವಿಭಾಗಕ್ಕೆ. ಲೆಕ್ಕದವರ ಕೈಗೆ ಬಂದದ್ದು ಕಾಗದ ಮಾತ್ರ. ಅದಕ್ಕೆ ಸ್ವೀಕೃತಿಯ ಮೊಹರು ಹೊಡೆದರು, ಮೊಹರಿನ ದಿನದಿಂದ ಎಣಿಸಿದರು. ಪ್ರತಿಯ ತಲೆಯಲ್ಲಿ "ಜೂನ್ 4ರಂದು ಇಮೇಲ್ ಮೂಲಕ ಕೊಟ್ಟ ನೋಟಿಸ್‌ನ ಪ್ರತಿ, ಇದು ಹೊಸ ನೋಟಿಸ್ ಅಲ್ಲ" ಎಂಬ ಒಂದು ಸಾಲು ಇದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಆಮೇಲೆ ಬರೆದ ಎಲ್ಲ ಪತ್ರದಲ್ಲೂ ಆ ಸಾಲು ಇಟ್ಟಿದ್ದೇನೆ.

ನಮ್ಮ ಕೈಯಲ್ಲಿ ಆಧಾರ ಇತ್ತು. ಒಪ್ಪಂದ "ರಿಜಿಸ್ಟರ್ಡ್ ಪೋಸ್ಟ್ ಅಥವಾ ಇಮೇಲ್" ಎನ್ನುತ್ತದೆ. ಆ "ಅಥವಾ" ನಮ್ಮ ಜೀವ ಉಳಿಸಿತು. "ಮತ್ತು" ಎಂದಿದ್ದರೆ ಜುಲೈ 10ರ ಬಿಲ್ ಕಟ್ಟಲೇಬೇಕಿತ್ತು. ಇಮೇಲ್ ಒಪ್ಪಂದದಲ್ಲಿರುವ ವಿಳಾಸಕ್ಕೇ ಹೋಗಿತ್ತು, ಫೋನ್ ಮಾಡುವ ಹುಡುಗನ ಇಮೇಲ್‌ಗಲ್ಲ. ವಾಪಸ್ ಬಂದಿರಲಿಲ್ಲ. ಅದಕ್ಕಿಂತ ದೊಡ್ಡ ಪುರಾವೆ ಅವರದೇ ಫೋನ್. ಪೋಸ್ಟ್ ತಲುಪುವ ನಾಲ್ಕು ದಿನ ಮೊದಲೇ, ಜೂನ್ 7ಕ್ಕೆ, ಬಿಡಬೇಡಿ ಎಂದು ಫೋನ್ ಮಾಡಿದ್ದರು. ನೋಟಿಸ್ ಓದದೆ ಹಾಗೆ ಮಾಡಲು ಹೇಗೆ ಸಾಧ್ಯ? ಆ ಫೋನಿನ ಬಗ್ಗೆ ಅವತ್ತೇ ನಾವು ಇಮೇಲ್‌ನಲ್ಲಿ ಬರೆದಿದ್ದೆವಲ್ಲ, ಅದು ಈಗ ಕೆಲಸಕ್ಕೆ ಬಂತು.

ಮೂರು ಸಾಲಿನ ಉತ್ತರ ಕಳಿಸಿದೆವು. ಒಪ್ಪಂದದ ಆ ಪುಟ, ಜೂನ್ 4ರ ಇಮೇಲ್, ಜೂನ್ 7ರ ಇಮೇಲ್ ಮೂರನ್ನೂ ಜೊತೆಗೆ ಹಾಕಿದೆವು. ಎಣಿಕೆಯನ್ನು ಮತ್ತೆ ಬರೆದೆವು. ಐದು ದಿನದ ನಂತರ ತಿದ್ದಿದ ಪತ್ರ ಬಂತು: ಕೊನೆಯ ದಿನ ಜುಲೈ 9.

ದಾಖಲೆಗಳ ವಿಷಯದಲ್ಲಿ ಅಷ್ಟು ಸಲೀಸಾಗಲಿಲ್ಲ. ಜುಲೈ 1ಕ್ಕೆ ಫೈಲ್ ಬಂತು. ತೆರೆದು ನೋಡಿದರೆ ಕೊನೆಯ 12 ತಿಂಗಳ ಮಾರಾಟ ಮಾತ್ರ ಇತ್ತು, ಅದರ ಹಿಂದಿನ ವರ್ಷದ್ದು ಇಲ್ಲ. ತೆರೆಯದೆ ಇಟ್ಟಿದ್ದರೆ ಇದು ಗೊತ್ತಾಗುತ್ತಿದ್ದದ್ದು ಲೆಕ್ಕ ತಪಾಸಣೆಯ ಹೊತ್ತಿಗೆ, ಆಗ ಸಾಫ್ಟ್‌ವೇರ್‌ನ ಖಾತೆಯೇ ಮುಚ್ಚಿರುತ್ತಿತ್ತು. ಒಂದು ವಾರ ಮೊದಲಿನ ತಾರೀಕು ಕೇಳಿದ್ದು ಇದಕ್ಕೇ. ಎರಡು ಸಲ ನೆನಪಿಸಿದ ಮೇಲೆ ಜುಲೈ 6ಕ್ಕೆ ಉಳಿದದ್ದು ಬಂತು. ಪ್ರತಿ ತಿಂಗಳ ಒಟ್ಟು ಮೊತ್ತವನ್ನು ನನ್ನ ಪುಸ್ತಕದ ಜೊತೆ ಹೋಲಿಸಿ ನೋಡಿದೆ. ಸರಿಯಿತ್ತು.

ಜುಲೈ 9ರ ಸಂಜೆ ಯಂತ್ರ ತೆಗೆದುಕೊಂಡು ಹೋಗಲು ಬಂದ ಹುಡುಗನ ಬಳಿ ರಸೀದಿ ಪುಸ್ತಕ ಇರಲಿಲ್ಲ. ಮಾಲೀಕರು ತಾವೇ ಒಂದು ಕಾಗದದಲ್ಲಿ ಎರಡೂ ಸೀರಿಯಲ್ ಸಂಖ್ಯೆ ಬರೆದು, "ಕೆಲಸ ಮಾಡುವ ಸ್ಥಿತಿಯಲ್ಲಿ ಪಡೆದಿದ್ದೇನೆ" ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಯಂತ್ರ ಚಾಲೂ ಇರುವಾಗಲೇ ಒಂದು ಫೋಟೋ ತೆಗೆದರು.

ಜುಲೈ 10ಕ್ಕೆ ಕಂಪನಿಯ ವ್ಯವಸ್ಥೆಯಿಂದ ತಾನಾಗಿ ಒಂದು ಡೆಬಿಟ್ ಪ್ರಯತ್ನ ಬಂತು. ಅನುಮತಿ ಇಲ್ಲದ್ದರಿಂದ ಬ್ಯಾಂಕ್ ವಾಪಸ್ ಕಳಿಸಿತು. ಠೇವಣಿ ಜುಲೈ 24ರೊಳಗೆ ಬರಬೇಕಿತ್ತು. ಬರಲಿಲ್ಲ. 25ರ ಬೆಳಿಗ್ಗೆ ರಸೀದಿಯ ಫೋಟೋ ಹಾಕಿ ಒಂದು ಇಮೇಲ್ ಕಳಿಸಿದರು, ಈ ಸಲ ನನ್ನನ್ನು ಕೇಳದೆ ತಾವೇ ಬರೆದದ್ದು. ನನಗೆ ಆಮೇಲೆ ತೋರಿಸಿದರು. ಎರಡೇ ಸಾಲು, ಎರಡು ತಾರೀಕು, ಕೋರಿಕೆ ಎಲ್ಲೂ ಇಲ್ಲ. ಜುಲೈ 27ಕ್ಕೆ ಠೇವಣಿ ಪೂರ್ತಿ ಬಂತು.